ಊರು ಬದಲಾದಾಗ ಸಂಬಳ ಎಷ್ಟು ಹೆಚ್ಚಬೇಕು? ಸೂಚ್ಯಂಕದಲ್ಲಿ ಕಾಣದ ಲೆಕ್ಕ

ನೌಕರರೊಬ್ಬರನ್ನು ದುಬಾರಿ ನಗರಕ್ಕೆ ವರ್ಗಾಯಿಸುವ ಸಂಸ್ಥೆ ಸಾಮಾನ್ಯವಾಗಿ ಎರಡು ಬಗೆಯ ಹಣ ಕೊಡುತ್ತದೆ. ಸಾಮಾನು ಸಾಗಿಸಲು, ಹೊಸ ಮನೆ ಹುಡುಕಲು, ಅದು ಸಿಗುವವರೆಗೆ ತಂಗಲು ಕೊಡುವ ಸ್ಥಳಾಂತರ ಭತ್ಯೆ ಮೊದಲನೆಯದು. ಅದು ಒಮ್ಮೆ ಬಂದು ಮುಗಿಯುತ್ತದೆ. ಎರಡು ಊರುಗಳ ಜೀವನ ವೆಚ್ಚದ ಅಂತರವನ್ನು ತುಂಬಲು ಸಂಬಳದಲ್ಲಿ ಮಾಡುವ ಹೆಚ್ಚಳ ಎರಡನೆಯದು; ಅದು ತಿಂಗಳು ತಿಂಗಳೂ ಬರುತ್ತದೆ. ವರ್ಗಾವಣೆಯ ಮಾತುಕತೆಯಲ್ಲಿ ಹೆಚ್ಚಿನವರು ಮೊದಲನೆಯದರ ಮೊತ್ತವನ್ನು ಕುರಿತು ಚೌಕಾಸಿ ಮಾಡಿ, ಎರಡನೆಯದನ್ನು ಎಚ್‌ಆರ್ ವಿಭಾಗ ಹೇಳಿದ ಶೇಕಡಾವಾರಿಗೆ ಬಿಟ್ಟುಬಿಡುತ್ತಾರೆ. ನಷ್ಟ ಶುರುವಾಗುವುದು ಅಲ್ಲಿಂದಲೇ. ‘ಹೊಸ ನಗರದ ಜೀವನ ವೆಚ್ಚ ಶೇ 20ರಷ್ಟು ಹೆಚ್ಚು, ಆದ್ದರಿಂದ ನಿಮ್ಮ ಸಂಬಳವೂ ಶೇ 20ರಷ್ಟು ಹೆಚ್ಚು’ ಎಂಬ ವಾಕ್ಯ ನ್ಯಾಯವಾಗಿಯೇ ಕೇಳಿಸುತ್ತದೆಯಾದರೂ, ಅದು ಒಬ್ಬರಿಗೆ ಹೊರೆಯಾಗುವಷ್ಟು ಕಡಿಮೆಯೂ ಇನ್ನೊಬ್ಬರಿಗೆ ಅಗತ್ಯಕ್ಕಿಂತ ಹೆಚ್ಚೂ ಆಗಬಲ್ಲದು.

ಇದನ್ನು ಒಂದು ಕುಟುಂಬದ ಲೆಕ್ಕದಲ್ಲಿ ನೋಡೋಣ. ಯಾವ ದೇಶದ ಹಣವಾದರೂ ಆಗಲಿ, ನೌಕರನ ತಿಂಗಳ ಒಟ್ಟು ಸಂಬಳ 1000 ಎಂದಿಟ್ಟುಕೊಳ್ಳೋಣ. ತೆರಿಗೆ ಮತ್ತು ಕಡ್ಡಾಯ ಕಡಿತಗಳಿಗೆ 200 ಹೋಗಿ ಕೈಗೆ ಬರುವುದು 800. ಅದರಲ್ಲಿ ಮನೆ ಬಾಡಿಗೆಗೆ 200, ದಿನಸಿ ಮತ್ತು ಮನೆಯ ದಿನನಿತ್ಯದ ಖರ್ಚಿಗೆ 200, ಓಡಾಟಕ್ಕೆ 60, ಮಕ್ಕಳ ಶಾಲೆಗೆ 100, ಔಷಧ, ಬಟ್ಟೆಬರೆ ಮುಂತಾದವಕ್ಕೆ 90 ಖರ್ಚಾಗುತ್ತದೆ. ಹೀಗೆ ಖರ್ಚಾಗುವುದು 650, ಉಳಿಯುವುದು 150. ಆ 150ರಲ್ಲಿ 60 ಹಳೆಯ ಸಾಲದ ಕಂತಿಗೆ ಹೋಗುತ್ತದೆ, ಮಿಕ್ಕಿದ್ದು ಉಳಿತಾಯ.

ಹೊಸ ನಗರದಲ್ಲಿ ಇದೇ ಅಳತೆಯ ಮನೆಯ ಬಾಡಿಗೆ 360. ದಿನಸಿ ಅಷ್ಟೇನೂ ದುಬಾರಿಯಲ್ಲ, 216. ಓಡಾಟ 78, ಶಾಲೆ 140, ಇತರೆ 99. ಒಟ್ಟು ಖರ್ಚು 893. ಅಂದರೆ ಮೊದಲಿನ ಹಾಗೆಯೇ ಬದುಕಲು ತಿಂಗಳಿಗೆ 243 ಹೆಚ್ಚು ಬೇಕು, ಅದೂ ತೆರಿಗೆ ಕಳೆದು ಕೈಗೆ ಬಂದ ಮೇಲೆ. ಸಂಸ್ಥೆ ಕೊಟ್ಟ ಶೇ 20ರ ಹೆಚ್ಚಳ ಒಟ್ಟು ಸಂಬಳದ ಮೇಲೆ 200. ಹೆಚ್ಚಾದ ಈ ಭಾಗಕ್ಕೆ ಶೇ 30ರ ದರದಲ್ಲಿ ತೆರಿಗೆ ಬೀಳುತ್ತದೆ ಎಂದುಕೊಂಡರೆ ಕೈಗೆ ಸಿಗುವುದು 140 ಮಾತ್ರ. 940ರ ಆದಾಯದಲ್ಲಿ 893 ಖರ್ಚಾಗಿ 47 ಉಳಿಯುತ್ತದೆ. ಸಂಬಳ ಐದನೇ ಒಂದು ಭಾಗದಷ್ಟು ಏರಿದ ಮೇಲೂ ಈ ಕುಟುಂಬಕ್ಕೆ 60ರ ಸಾಲದ ಕಂತು ಕಟ್ಟಲು ಹಣ ಸಾಲುವುದಿಲ್ಲ.

ಇದೇ ಸಂಸ್ಥೆಯಿಂದ ಅದೇ ನಗರಕ್ಕೆ ಹೊರಟ, ಅಷ್ಟೇ ಸಂಬಳದ ಇನ್ನೊಬ್ಬ ಉದ್ಯೋಗಿಯನ್ನು ತೆಗೆದುಕೊಳ್ಳೋಣ. ಆಕೆ ಒಂಟಿ, ಗೆಳತಿಯೊಡನೆ ಮನೆ ಹಂಚಿಕೊಂಡಿದ್ದಾರೆ. ಬಾಡಿಗೆಯ ಪಾಲು 100, ಮಿಕ್ಕ ಖರ್ಚು 300, ಉಳಿತಾಯ 400. ಹೊಸ ನಗರದಲ್ಲೂ ಮನೆ ಹಂಚಿಕೊಂಡರೆ ಬಾಡಿಗೆ 180, ಮಿಕ್ಕ ಖರ್ಚು 330 ಆಗಬಹುದು. ಹೆಚ್ಚಾದ ಖರ್ಚು 110, ಕೈಗೆ ಬಂದ ಹೆಚ್ಚಳ 140. ಒಂದೇ ಶೇಕಡಾವಾರಿನಿಂದ ಒಬ್ಬರು ತಿಂಗಳಿಗೆ 103 ಕಳೆದುಕೊಂಡರು, ಇನ್ನೊಬ್ಬರು 30 ಗಳಿಸಿದರು. ಸಂಸ್ಥೆ ಇಲ್ಲಿ ಯಾರಿಗೂ ಮೋಸ ಮಾಡಿಲ್ಲ. ಅದು ಬಳಸಿದ ಅಳತೆಗೋಲು ಈ ಕೆಲಸಕ್ಕೆ ತಕ್ಕದ್ದಲ್ಲ, ಅಷ್ಟೇ.

ಹಳೆಯ ಊರನ್ನು 100 ಎಂದಿಟ್ಟು ಸಂಸ್ಥೆಯ ಸೂಚ್ಯಂಕ 120 ಎಂದಾಗ, ಖರ್ಚು 650ರಿಂದ 893ಕ್ಕೇರಿದ ಮೊದಲ ಕುಟುಂಬದ ಸ್ವಂತ ಸೂಚ್ಯಂಕ 137ಕ್ಕೆ ಹೋದದ್ದು ಏಕೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಜೀವನ ವೆಚ್ಚದ ಸೂಚ್ಯಂಕವೆಂದರೆ ಒಂದು ಗೊತ್ತಾದ ಖರೀದಿ ಪಟ್ಟಿಯ ಬೆಲೆಯನ್ನು ಎರಡು ಕಡೆ ಹೋಲಿಸುವುದು. ಪಟ್ಟಿಯನ್ನು ಬದಲಿಸದೆ ಬೆಲೆಗಳನ್ನು ಮಾತ್ರ ಬದಲಿಸಿ ನೋಡುವ ಈ ವಿಧಾನವನ್ನು ಜರ್ಮನ್ ಅರ್ಥಶಾಸ್ತ್ರಜ್ಞ ಎಟಿಯೆನ್ ಲಾಸ್ಪೇಯರ್ 1871ರಲ್ಲಿ ಮಂಡಿಸಿದರು; ಇಂದಿನ ಬಹುಪಾಲು ಬೆಲೆ ಸೂಚ್ಯಂಕಗಳ ತಳದಲ್ಲಿ ಅದೇ ಇದೆ. ಪಟ್ಟಿಯಲ್ಲಿ ಬಾಡಿಗೆಗೆ ಎಷ್ಟು ತೂಕ, ಶಾಲೆಗೆ ಎಷ್ಟು ತೂಕ ಎಂಬುದು ಸರಾಸರಿ ಕುಟುಂಬದ ಖರ್ಚಿನಿಂದ ಬರುತ್ತದೆ. ಆ ಸರಾಸರಿಯಲ್ಲಿ ಸ್ವಂತ ಮನೆಯವರು, ಮಕ್ಕಳಿಲ್ಲದವರು, ನಿವೃತ್ತರು ಎಲ್ಲರೂ ಸೇರಿರುತ್ತಾರೆ. ಶಾಲಾ ಶುಲ್ಕದ ತೂಕ ನೂರಕ್ಕೆ ಮೂರೋ ನಾಲ್ಕೋ ಇದ್ದರೆ ಆಶ್ಚರ್ಯವಿಲ್ಲ. ನಮ್ಮ ಕುಟುಂಬದಲ್ಲಿ ಅದು 650ಕ್ಕೆ 100, ಅಂದರೆ ನೂರಕ್ಕೆ ಹದಿನೈದು.

ಬಾಡಿಗೆಯದು ಇನ್ನೂ ಸೂಕ್ಷ್ಮವಾದ ತೊಡಕು. ಅಧಿಕೃತ ಬೆಲೆ ಸೂಚ್ಯಂಕಗಳು ಸಾಮಾನ್ಯವಾಗಿ ಊರಿನ ಎಲ್ಲ ಬಾಡಿಗೆದಾರರು ಕಟ್ಟುತ್ತಿರುವ ಬಾಡಿಗೆಯನ್ನು ಅಳೆಯುತ್ತವೆ. ಅವರಲ್ಲಿ ಐದಾರು ವರ್ಷಗಳಿಂದ ಅದೇ ಮನೆಯಲ್ಲಿರುವವರೂ, ಹಳೆಯ ಕರಾರಿನ ಬಾಡಿಗೆಯಲ್ಲೇ ಮುಂದುವರಿಯುತ್ತಿರುವವರೂ ಇರುತ್ತಾರೆ. ವರ್ಗಾವಣೆಯಾಗಿ ಬಂದವರಿಗೆ ಹಳೆಯ ಕರಾರಿನ ಮನೆ ಸಿಗುವುದಿಲ್ಲ. ಈ ತಿಂಗಳು ಖಾಲಿಯಾದ ಮನೆಗೆ ಮಾಲೀಕರು ಈ ತಿಂಗಳು ಕೇಳುವ ಬಾಡಿಗೆಯನ್ನೇ ಅವರು ಕೊಡಬೇಕು. ಬಾಡಿಗೆ ವೇಗವಾಗಿ ಏರುತ್ತಿರುವ ನಗರದಲ್ಲಿ ಈ ಎರಡರ ನಡುವೆ ದೊಡ್ಡ ಅಂತರವಿರುತ್ತದೆ, ಮತ್ತು ಜನರನ್ನು ವರ್ಗಾಯಿಸಿ ಕರೆಸಿಕೊಳ್ಳುವಷ್ಟು ಕೆಲಸ ಬೆಳೆಯುತ್ತಿರುವ ನಗರಗಳು ಹೆಚ್ಚಾಗಿ ಇಂಥವೇ. ಆದ್ದರಿಂದ ಸೂಚ್ಯಂಕದಲ್ಲಿ ಬಾಡಿಗೆ ಒಂದೂವರೆ ಪಟ್ಟು ಎಂದಿದ್ದು, ಬೀದಿಯಲ್ಲಿ ಅದು ಎರಡು ಪಟ್ಟಿನ ಹತ್ತಿರ ಇರುವುದು ಸಾಧ್ಯ. ಎಚ್‌ಆರ್ ವಿಭಾಗದ ಸಂಖ್ಯೆ ಯಾವ ಬಾಡಿಗೆಯನ್ನು ಆಧರಿಸಿದೆ, ಅದನ್ನು ಯಾವಾಗ ಸಂಗ್ರಹಿಸಲಾಯಿತು ಎಂಬುದು ನೌಕರ ಕೇಳಲೇಬೇಕಾದ ಪ್ರಶ್ನೆ. ಉತ್ತರ ಸಿಗದಿದ್ದರೆ, ಕಚೇರಿಗೆ ಒಂದೇ ಓಡಾಟದ ದೂರದಲ್ಲಿರುವ, ತನಗೆ ಬೇಕಾದ ಅಳತೆಯ ಹತ್ತು ಹನ್ನೆರಡು ಮನೆಗಳ ಬಾಡಿಗೆಯನ್ನು ಜಾಹೀರಾತುಗಳಿಂದ ಬರೆದಿಟ್ಟುಕೊಂಡು ಮಧ್ಯದ ಸಂಖ್ಯೆಯನ್ನು ಮುಂದಿಡಬಹುದು. ನನ್ನ ದೃಷ್ಟಿಯಲ್ಲಿ ಈ ಚಿಕ್ಕ ಪಟ್ಟಿ ಯಾವ ಸೂಚ್ಯಂಕಕ್ಕಿಂತಲೂ ಹೆಚ್ಚು ನಂಬಿಕೆಗೆ ಅರ್ಹ.

ವರ್ಷಕ್ಕೊಮ್ಮೆ ಪತ್ರಿಕೆಗಳಲ್ಲಿ ಬರುವ ‘ಜಗತ್ತಿನ ಅತಿ ದುಬಾರಿ ನಗರಗಳು’ ಎಂಬ ಪಟ್ಟಿಗಳನ್ನು ಈ ಕೆಲಸಕ್ಕೆ ಬಳಸುವುದು ಇನ್ನೂ ದೊಡ್ಡ ತಪ್ಪು. ಮರ್ಸರ್ ಸಂಸ್ಥೆಯ ಪಟ್ಟಿಯಂಥವು ನ್ಯೂಯಾರ್ಕ್ ನಗರವನ್ನು 100 ಎಂದಿಟ್ಟುಕೊಂಡು, ಪರದೇಶಕ್ಕೆ ಹೋಗುವ ನೌಕರರ ಅಗತ್ಯಗಳನ್ನು ಗಮನದಲ್ಲಿಟ್ಟು ತಯಾರಾದವು. ವಿನಿಮಯ ದರ ಏರಿಳಿದರೆ ಊರಿನ ಸ್ಥಾನವೂ ಏರಿಳಿಯುತ್ತದೆ. ಒಂದೇ ದೇಶದೊಳಗೆ, ಒಂದೇ ಹಣದಲ್ಲಿ ಬದುಕುವ ಕುಟುಂಬದ ಖರ್ಚಿಗೂ ಅದಕ್ಕೂ ನೇರ ಸಂಬಂಧವಿಲ್ಲ.

ಹಾಗಾದರೆ ಸರಿಯಾದ ಲೆಕ್ಕ ಯಾವುದು? ಪರದೇಶದ ನಿಯೋಜನೆಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಒಂದು ಕ್ರಮವಿದೆ. ಅದನ್ನು ಬ್ಯಾಲೆನ್ಸ್ ಶೀಟ್ ಪದ್ಧತಿ ಎನ್ನುತ್ತಾರೆ. ವರ್ಗಾವಣೆಯಿಂದ ನೌಕರನಿಗೆ ಲಾಭವೂ ಆಗಬಾರದು, ನಷ್ಟವೂ ಆಗಬಾರದು ಎಂಬುದು ಅದರ ತತ್ತ್ವ. ಸಂಬಳವನ್ನು ಅದು ತೆರಿಗೆ, ವಸತಿ, ಸರಕು ಮತ್ತು ಸೇವೆಗಳು, ಉಳಿತಾಯ ಎಂಬ ನಾಲ್ಕು ಪಾಲುಗಳಾಗಿ ಒಡೆಯುತ್ತದೆ. ಸೂಚ್ಯಂಕವನ್ನು ಅನ್ವಯಿಸುವುದು ಸರಕು ಮತ್ತು ಸೇವೆಗಳ ಪಾಲಿಗೆ ಮಾತ್ರ. ವಸತಿಗೆ ಎರಡು ಊರಿನ ನಿಜವಾದ ಬಾಡಿಗೆಗಳ ಅಂತರವನ್ನು ನೇರವಾಗಿ ಕೊಡಲಾಗುತ್ತದೆ. ಉಳಿತಾಯದ ಪಾಲನ್ನು ಮುಟ್ಟುವುದಿಲ್ಲ, ಏಕೆಂದರೆ ಆ ಹಣ ಹೊಸ ಊರಿನ ಅಂಗಡಿಗಳಲ್ಲಿ ಖರ್ಚಾಗುವುದೇ ಇಲ್ಲ. ಕೊನೆಯಲ್ಲಿ ಹೆಚ್ಚಳದ ಮೇಲೆ ಬೀಳುವ ತೆರಿಗೆಯನ್ನು ಸಂಸ್ಥೆಯೇ ಸೇರಿಸಿ ಕೊಡುತ್ತದೆ.

ಇಡೀ ಸಂಬಳಕ್ಕೆ ಶೇ 20 ಸೇರಿಸುವ ವಿಧಾನ ಈ ನಾಲ್ಕನ್ನೂ ಕಲಸಿಬಿಡುತ್ತದೆ. ತೆರಿಗೆಗೆ ಹೋಗುವ ಹಣಕ್ಕೂ ಉಳಿತಾಯಕ್ಕೂ ಜೀವನ ವೆಚ್ಚದ ಹೆಚ್ಚಳವನ್ನು ಕೊಡುತ್ತದೆ, ಆದರೆ ನಿಜವಾಗಿ ಭಾರ ಬಿದ್ದಿರುವ ಬಾಡಿಗೆಗೆ ಕಡಿಮೆ ಕೊಡುತ್ತದೆ. ಹೆಚ್ಚು ಉಳಿಸುವವರಿಗೆ ಅದು ಲಾಭ, ಹೆಚ್ಚು ಬಾಡಿಗೆ ಕಟ್ಟುವವರಿಗೆ ನಷ್ಟ. ದೇಶದೊಳಗಿನ ವರ್ಗಾವಣೆಗಳಲ್ಲಿ ಬ್ಯಾಲೆನ್ಸ್ ಶೀಟ್ ಪದ್ಧತಿಯನ್ನು ಪೂರ್ತಿಯಾಗಿ ಪಾಲಿಸುವ ಸಂಸ್ಥೆಗಳು ವಿರಳ. ಆದರೂ ನೌಕರ ತನ್ನ ಲೆಕ್ಕವನ್ನು ಆ ಕ್ರಮದಲ್ಲಿ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ಉದಾಹರಣೆಯಲ್ಲಿ ಕೈಗೆ 243 ಬರಬೇಕಾದರೆ ಒಟ್ಟು ಸಂಬಳ ಎಷ್ಟು ಏರಬೇಕು ಎಂಬುದನ್ನು ಹೀಗೆ ಕಂಡುಕೊಳ್ಳಬಹುದು: ಬೇಕಾದ ಮೊತ್ತವನ್ನು, ತೆರಿಗೆ ಕಳೆದು ಉಳಿಯುವ ಭಾಗದಿಂದ ಭಾಗಿಸುವುದು. 243 ÷ 0.70 = 347. ಅಂದರೆ ಸುಮಾರು ಶೇ 35ರ ಹೆಚ್ಚಳ. ಇಲ್ಲಿ ಬಳಸಬೇಕಾದದ್ದು ಸಂಬಳದ ಕೊನೆಯ ಭಾಗಕ್ಕೆ ಬೀಳುವ ತೆರಿಗೆಯ ದರವನ್ನು, ಸರಾಸರಿ ದರವನ್ನಲ್ಲ. ನಮ್ಮ ನೌಕರನ ಸರಾಸರಿ ಕಡಿತ ಶೇ 20, ಆದರೆ ಹೆಚ್ಚಳದ ಮೇಲಿನ ತೆರಿಗೆ ಶೇ 30. ಎಚ್‌ಆರ್ ವಿಭಾಗ ಶೇ 20ರ ದರವನ್ನೇ ಹಿಡಿದರೆ 304 ಕೊಟ್ಟು ಲೆಕ್ಕ ಮುಗಿಯಿತೆನ್ನುತ್ತದೆ. ಕೈಗೆ ಬರುವುದು 213 ಮಾತ್ರ.

ಸಂಸ್ಥೆಯ ಕಡೆಯಿಂದಲೂ ಒಂದು ಗಂಭೀರ ವಾದವಿದೆ, ಅದನ್ನು ಪಕ್ಕಕ್ಕೆ ತಳ್ಳಲಾಗದು. ಸಂಬಳವನ್ನು ನಿರ್ಧರಿಸಬೇಕಾದದ್ದು ಬದುಕಿನ ವೆಚ್ಚವಲ್ಲ, ಆ ಊರಿನಲ್ಲಿ ಅದೇ ಕೆಲಸಕ್ಕೆ ಇತರರು ಕೊಡುವ ಸಂಬಳ ಎಂಬುದು ಆ ವಾದ. ಅಮೆರಿಕದ ಒಕ್ಕೂಟ ಸರ್ಕಾರ ತನ್ನ ನೌಕರರಿಗೆ ಕೊಡುವ ಪ್ರದೇಶವಾರು ವೇತನ ಇದಕ್ಕೆ ಒಳ್ಳೆಯ ನಿದರ್ಶನ. 1990ರ ಕಾಯ್ದೆಯಿಂದ ರೂಪುಗೊಂಡ ಈ ವ್ಯವಸ್ಥೆಯನ್ನು ಅನೇಕರು ಜೀವನ ವೆಚ್ಚದ ಭತ್ಯೆ ಎಂದುಕೊಳ್ಳುತ್ತಾರೆ, ಆದರೆ ಅಲ್ಲಿ ಅಳೆಯುವುದು ಆ ಪ್ರದೇಶದಲ್ಲಿ ಒಕ್ಕೂಟ ಸರ್ಕಾರದ ಹೊರಗಿನ ಉದ್ಯೋಗಗಳ ವೇತನವನ್ನು, ಬಾಡಿಗೆಯನ್ನೋ ದಿನಸಿಯನ್ನೋ ಅಲ್ಲ. ಎರಡೂ ಒಂದೇ ದಿಕ್ಕಿನಲ್ಲಿ ಚಲಿಸುತ್ತವೆ, ಆದರೆ ಒಂದೇ ಪ್ರಮಾಣದಲ್ಲಿ ಚಲಿಸಬೇಕೆಂದಿಲ್ಲ. ಬಾಡಿಗೆ ಶೇ 80ರಷ್ಟು ಹೆಚ್ಚಿರುವ ನಗರದಲ್ಲಿ ಅದೇ ಹುದ್ದೆಯ ಸಂಬಳ ಶೇ 15ರಷ್ಟು ಮಾತ್ರ ಹೆಚ್ಚಿರುವುದು ಅಪರೂಪವಲ್ಲ. ಸ್ಥಳೀಯರಲ್ಲಿ ಹಲವರಿಗೆ ಸ್ವಂತ ಮನೆಯಿರುತ್ತದೆ, ಕೆಲವರು ಹೆತ್ತವರ ಜೊತೆ ಇರುತ್ತಾರೆ, ಇನ್ನು ಕೆಲವರು ದೂರದ ಬಡಾವಣೆಯಿಂದ ಓಡಾಡುತ್ತಾರೆ. ಹೊಸಬರಿಗೆ ಪಕ್ಕದ ಮೇಜಿನ ಸಹೋದ್ಯೋಗಿಗಿಂತ ಬಹಳ ಹೆಚ್ಚು ಕೊಟ್ಟರೆ ಒಂದೇ ಕೆಲಸಕ್ಕೆ ಎರಡು ಸಂಬಳವಾಗುತ್ತದೆ ಎಂಬ ಸಂಸ್ಥೆಯ ಅಳುಕಿಗೆ ಅರ್ಥವಿದೆ.

ಈ ಎರಡರ ನಡುವಿನ ರಾಜಿಯಾಗಿ ಹಲವು ಸಂಸ್ಥೆಗಳು ಮೂಲ ವೇತನವನ್ನು ಹೊಸ ಊರಿನ ಮಟ್ಟಕ್ಕೆ ಹೊಂದಿಸಿ, ವಸತಿಯ ಅಂತರಕ್ಕೆ ಪ್ರತ್ಯೇಕ ಭತ್ಯೆ ಕೊಡುತ್ತವೆ. ಆ ಭತ್ಯೆ ಮೊದಲ ವರ್ಷ ಪೂರ್ತಿ, ಎರಡನೆಯ ವರ್ಷ ಮೂರನೇ ಎರಡು ಭಾಗ, ಮೂರನೆಯ ವರ್ಷ ಮೂರನೇ ಒಂದು ಭಾಗ ಹೀಗೆ ಇಳಿದು ನಾಲ್ಕನೆಯ ವರ್ಷಕ್ಕೆ ನಿಂತುಹೋಗುತ್ತದೆ. ಅಷ್ಟರಲ್ಲಿ ನೌಕರ ಹೊಸ ಊರಿಗೆ ಹೊಂದಿಕೊಂಡಿರುತ್ತಾನೆ, ಸಂಬಳವೂ ಏರಿರುತ್ತದೆ ಎಂಬುದು ಇದರ ಹಿಂದಿನ ಊಹೆ. ಈ ಊಹೆಯನ್ನು ಅಂಕಿಯಲ್ಲಿ ಇಟ್ಟು ನೋಡಬೇಕು. ಬಾಡಿಗೆಯ 160ರ ಅಂತರಕ್ಕೆ ತೆರಿಗೆ ಸೇರಿಸಿ 229 ಕೊಡುತ್ತಿದ್ದರೆ, ಪ್ರತಿ ವರ್ಷ ಅದರಲ್ಲಿ 76 ಕಡಿಮೆಯಾಗುತ್ತದೆ. 1000ದ ಸಂಬಳಕ್ಕೆ ಶೇ 6ರ ವಾರ್ಷಿಕ ಬಡ್ತಿ ಸಿಕ್ಕರೆ ಬರುವುದು 60. ಬಡ್ತಿ ಬಂದ ವರ್ಷವೂ ಒಟ್ಟು ಸಂಬಳ 16 ಇಳಿಯುತ್ತದೆ. ಅಷ್ಟೇ ಅಲ್ಲದೆ, ವಾರ್ಷಿಕ ಬಡ್ತಿ ಇರುವುದು ಬೆಲೆ ಏರಿಕೆಯನ್ನು ಸರಿದೂಗಿಸಲು ಮತ್ತು ಅನುಭವಕ್ಕೆ ಬೆಲೆ ಕೊಡಲು. ವರ್ಗಾವಣೆ ಆಗದಿದ್ದರೂ ಅದು ನೌಕರನಿಗೆ ಸಿಗುತ್ತಿತ್ತು. ಬಾಡಿಗೆ ಮಾತ್ರ ನಾಲ್ಕನೆಯ ವರ್ಷವೂ 360ಕ್ಕಿಂತ ಕೆಳಗೆ ಬರುವುದಿಲ್ಲ. ಸ್ವಂತ ಇಚ್ಛೆಯಿಂದ ಊರು ಬದಲಿಸಿದವರಿಗೆ ಈ ಇಳಿಕೆ ಒಪ್ಪಬಹುದಾದದ್ದು ಎನಿಸುತ್ತದೆ. ಸಂಸ್ಥೆಯೇ ತನ್ನ ಅಗತ್ಯಕ್ಕೆ ಕಳುಹಿಸಿದವರಿಗೆ ಇದು ಮೂರು ವರ್ಷಗಳಿಗೆ ಹಂಚಿದ ಸಂಬಳ ಕಡಿತವೇ ಎಂದು ನಾನು ಭಾವಿಸುತ್ತೇನೆ. ಇಂಥ ಷರತ್ತಿದ್ದರೆ ಮೊದಲ ವರ್ಷದ ಸಂಬಳ ನೋಡಿ ಮನೆ ಆರಿಸಬಾರದು. ನಾಲ್ಕನೆಯ ವರ್ಷದ ಸಂಬಳದಲ್ಲಿ ಯಾವ ಬಾಡಿಗೆ ಕಟ್ಟಬಹುದೋ ಆ ಮನೆಗೆ ಹೋಗಬೇಕು, ಇಲ್ಲವೇ ಭತ್ಯೆಯ ಒಂದು ಪಾಲನ್ನು ಮೂಲ ವೇತನಕ್ಕೆ ಸೇರಿಸುವಂತೆ ಈಗಲೇ ಕೇಳಬೇಕು. ಮೂಲ ವೇತನಕ್ಕೆ ಸೇರಿದ ಹಣದ ಮೇಲೆ ಮುಂದಿನ ಬಡ್ತಿಗಳೂ ನಿವೃತ್ತಿ ನಿಧಿಯ ಕೊಡುಗೆಯೂ ಲೆಕ್ಕವಾಗುತ್ತವೆ. ಭತ್ಯೆಯ ಮೇಲೆ ಸಾಮಾನ್ಯವಾಗಿ ಆಗುವುದಿಲ್ಲ.

ಸಂಬಳದ ಲೆಕ್ಕದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳದ ಇನ್ನೊಂದು ನಷ್ಟವೆಂದರೆ ಪತ್ನಿಯ ಅಥವಾ ಪತಿಯ ಸಂಪಾದನೆ. ಬಾಳಸಂಗಾತಿ ತಿಂಗಳಿಗೆ ಕೈಗೆ 400 ತರುತ್ತಿದ್ದು, ಹೊಸ ಊರಿನಲ್ಲಿ ಕೆಲಸ ಸಿಗಲು ಆರು ತಿಂಗಳಾದರೆ ಹೋಗುವುದು 2400. ಅನೇಕ ಸಂದರ್ಭಗಳಲ್ಲಿ ಇದು ಇಡೀ ಸ್ಥಳಾಂತರ ಭತ್ಯೆಗಿಂತ ದೊಡ್ಡದು. ಕೆಲವು ಸಂಸ್ಥೆಗಳು ಸಂಗಾತಿಗೆ ಉದ್ಯೋಗ ಹುಡುಕಲು ನೆರವು ಕೊಡುತ್ತವೆ. ಕಳೆದುಹೋದ ಆದಾಯವನ್ನು ತುಂಬಿಕೊಡುವವರು ತೀರಾ ಕಡಿಮೆ.

ಇನ್ನು ಒಮ್ಮೆ ಬರುವ ಹಣದ ವಿಷಯ. ಅದನ್ನು ಕೊಡುವ ರೀತಿಗಳು ಮೂರು: ಸಾಗಣೆದಾರರ ಮತ್ತು ವಸತಿಗೃಹದ ಬಿಲ್ಲನ್ನು ಸಂಸ್ಥೆಯೇ ನೇರವಾಗಿ ಕಟ್ಟುವುದು, ನೌಕರ ಖರ್ಚು ಮಾಡಿ ರಸೀದಿ ಕೊಟ್ಟ ಮೇಲೆ ಮರುಪಾವತಿ ಮಾಡುವುದು, ಒಟ್ಟು ಮೊತ್ತವೊಂದನ್ನು ಕೊಟ್ಟು ಕೈತೊಳೆದುಕೊಳ್ಳುವುದು. ಮರುಪಾವತಿಯಲ್ಲಿ ಕಷ್ಟ ಬರುವುದು ಮೊತ್ತದಿಂದಲ್ಲ, ಅದು ಕೈಸೇರುವ ಹೊತ್ತಿನಿಂದ. ನಮ್ಮ ಕುಟುಂಬ ಹೊಸ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಡಬೇಕಾದರೆ 720, ಮೊದಲ ತಿಂಗಳ ಬಾಡಿಗೆ 360, ಹಳೆಯ ಮನೆಯ ನೋಟಿಸ್ ಅವಧಿಯ ಬಾಡಿಗೆ 200. ಒಟ್ಟು 1280, ಹೊಸ ಸಂಬಳದಲ್ಲಿ ಕೈಗೆ ಬರುವುದಕ್ಕಿಂತ ಹೆಚ್ಚು. ಮುಂಗಡ ಮುಂದೊಂದು ದಿನ ಹಿಂದಿರುಗುತ್ತದೆಂಬ ಕಾರಣಕ್ಕೆ ಸಂಸ್ಥೆಗಳು ಅದನ್ನು ವೆಚ್ಚವೆಂದೇ ಪರಿಗಣಿಸುವುದಿಲ್ಲ. ಅದಕ್ಕಾಗಿ ಬಡ್ಡಿರಹಿತ ಸಾಲ ಕೇಳುವುದು ಸಮಂಜಸ, ಮತ್ತು ಸಂಸ್ಥೆಗೆ ಇದರಿಂದ ಬೀಳುವ ಹೊರೆ ಅತ್ಯಲ್ಪ.

ಒಟ್ಟು ಮೊತ್ತದ ಪದ್ಧತಿಯಲ್ಲಿ ತೆರಿಗೆ ಮತ್ತೆ ತಲೆಯೆತ್ತುತ್ತದೆ. ಈ ಹಣಕ್ಕೆ ತೆರಿಗೆ ಉಂಟೋ ಇಲ್ಲವೋ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ಅರ್ಹ ಸ್ಥಳಾಂತರ ವೆಚ್ಚಗಳಿಗೆ 8,000 ಪೌಂಡ್‌ವರೆಗೆ ವಿನಾಯಿತಿ ಇದೆ. ಅಮೆರಿಕದಲ್ಲಿ ಇದ್ದ ವಿನಾಯಿತಿ 2018ರಿಂದ ಬಹುತೇಕ ನೌಕರರಿಗೆ ಇಲ್ಲವಾಯಿತು. ಅಲ್ಲಿ ಸಂಸ್ಥೆ ಕೊಡುವ ಸಾಗಣೆ ವೆಚ್ಚವನ್ನೂ ಈಗ ಸಂಬಳದಂತೆಯೇ ಪರಿಗಣಿಸಲಾಗುತ್ತದೆ. ತೆರಿಗೆ ಇರುವ ಕಡೆ, ನಮ್ಮ ಉದಾಹರಣೆಯ ಶೇ 30ರ ದರದಲ್ಲಿ, 2000ದ ಭತ್ಯೆ ಎಂದರೆ ಕೈಗೆ ಬರುವುದು 1400. ಪೂರ್ತಿ 2000 ಕೈಗೆ ಬರಬೇಕಾದರೆ ಸಂಸ್ಥೆ 2857 ಕೊಡಬೇಕು. ಪತ್ರದಲ್ಲಿ ಬರೆದ ಮೊತ್ತ ತೆರಿಗೆಗೆ ಮುಂಚಿನದೋ ನಂತರದ್ದೋ ಎಂಬುದು ಸ್ಪಷ್ಟವಾಗಿರಬೇಕು.

ಇದಕ್ಕೆ ಅಂಟಿಕೊಂಡೇ ಬರುವುದು ಹಣ ವಾಪಸಿನ ಷರತ್ತು. ಒಂದು ಅಥವಾ ಎರಡು ವರ್ಷದೊಳಗೆ ಕೆಲಸ ಬಿಟ್ಟರೆ ಸ್ಥಳಾಂತರದ ಹಣವನ್ನು ಹಿಂದಿರುಗಿಸಬೇಕೆಂದು ನೌಕರನಿಂದ ಸಹಿ ಮಾಡಿಸಿಕೊಳ್ಳುವುದು ಸಾಮಾನ್ಯ ರೂಢಿ, ಮತ್ತು ಅದು ಅನ್ಯಾಯವೇನೂ ಅಲ್ಲ. ಆದರೆ ಷರತ್ತಿನ ಪದಗಳನ್ನು ಒಂದೊಂದಾಗಿ ಓದಬೇಕು. 24 ತಿಂಗಳ ಕರಾರಿನಲ್ಲಿ 9 ತಿಂಗಳಿಗೆ ಕೆಲಸ ಬಿಟ್ಟರೆ ಉಳಿದ 15 ತಿಂಗಳ ಪಾಲು ಕೊಡಬೇಕು ಎಂದಿದ್ದರೆ 2000ದಲ್ಲಿ 1250 ಕಟ್ಟಬೇಕಾಗುತ್ತದೆ. ನೌಕರನಿಗೆ ನಿಜವಾಗಿ ಸಿಕ್ಕಿದ್ದು 1400 ಮಾತ್ರ, ಅದರ ಪಾಲು 875. ನಡುವಿನ 375 ತೆರಿಗೆ ಇಲಾಖೆಗೆ ಹೋದ ಹಣ. ಆರ್ಥಿಕ ವರ್ಷ ಕಳೆದಿದ್ದರೆ ಅದನ್ನು ಹಿಂಪಡೆಯುವುದು ಬಹಳ ಪ್ರಯಾಸದ ಕೆಲಸ. ತಿಂಗಳಿನ ಪಾಲಿನ ಮಾತೇ ಇಲ್ಲದೆ ‘ಪೂರ್ತಿ ಮೊತ್ತ’ ಎಂದಷ್ಟೇ ಇದ್ದರೆ ಇಪ್ಪತ್ಮೂರನೆಯ ತಿಂಗಳಲ್ಲಿ ಬಿಟ್ಟವರೂ ಎಲ್ಲವನ್ನೂ ಕೊಡಬೇಕಾಗುತ್ತದೆ. ಸಂಸ್ಥೆಯೇ ಹುದ್ದೆಯನ್ನು ರದ್ದುಪಡಿಸಿದರೆ ಈ ಷರತ್ತು ಅನ್ವಯಿಸುವುದಿಲ್ಲ ಎಂಬ ವಾಕ್ಯ ಪತ್ರದಲ್ಲಿ ಇರಲೇಬೇಕು. ಕೆಲಸ ಹೋದವರಿಂದ ಸಾಮಾನು ಸಾಗಿಸಿದ ಹಣ ಕೇಳುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ದುಬಾರಿ ಊರಿನಿಂದ ಅಗ್ಗದ ಊರಿಗೆ ಹೋಗುವವರಿಗೂ ಒಂದು ಎಚ್ಚರಿಕೆಯ ಮಾತಿದೆ. ಅಂಥವರ ಸಂಬಳವನ್ನು ಸಂಸ್ಥೆಗಳು ಸಾಮಾನ್ಯವಾಗಿ ಕಡಿತ ಮಾಡುವುದಿಲ್ಲ. ಆದರೆ ಅದು ಹೊಸ ಊರಿನ ವೇತನ ಶ್ರೇಣಿಯ ಗರಿಷ್ಠ ಮಿತಿಯನ್ನು ದಾಟಿದ್ದರೆ, ಶ್ರೇಣಿ ಅದನ್ನು ಹಿಡಿಯುವವರೆಗೆ ಬಡ್ತಿಯನ್ನು ತಡೆಹಿಡಿಯುತ್ತವೆ. ಸಂಬಳ 1000, ಶ್ರೇಣಿಯ ಮಿತಿ 900, ಆ ಮಿತಿ ವರ್ಷಕ್ಕೆ ಶೇ 3ರಂತೆ ಏರುತ್ತದೆ ಎಂದಾದರೆ ನಾಲ್ಕು ವರ್ಷ ಒಂದೇ ಸಂಬಳದಲ್ಲಿ ಕೆಲಸ ಮಾಡಬೇಕಾಗುತ್ತದೆ. ಆ ನಡುವೆ ಮತ್ತೆ ಹಳೆಯ ನಗರಕ್ಕೇ ವರ್ಗಾವಣೆಯಾದರೆ ಲೆಕ್ಕ ಯಾವ ಸಂಬಳದಿಂದ ಶುರುವಾಗುತ್ತದೆ, ನಾಲ್ಕು ವರ್ಷ ನಿಂತುಹೋದ 1000ದಿಂದಲೋ ಅಥವಾ ಅಲ್ಲೇ ಇದ್ದಿದ್ದರೆ ತಲುಪುತ್ತಿದ್ದ ಮೊತ್ತದಿಂದಲೋ ಎಂಬುದನ್ನು ಹೊರಡುವ ಮೊದಲೇ ಬರಹದಲ್ಲಿ ಪಡೆಯಬೇಕು. ಹೊಸ ಊರಿಗೆ ಹೋಗಿ ನೆಲೆಸಿದ ಮೇಲೆ ಈ ಪ್ರಶ್ನೆ ಎತ್ತಿದರೆ ನೌಕರನ ಕೈಯಲ್ಲಿ ಚೌಕಾಸಿಗೆ ಏನೂ ಉಳಿದಿರುವುದಿಲ್ಲ.